ಆಂಶಿಕ ಮೊತ್ತಗಳ ಸರಾಸರಿ: ಫೊರಿಯರ್ ಶ್ರೇಣಿಯ ಮೀರಿಕೆ ಮತ್ತು ಫೆಯೇರ್ ಪ್ರಮೇಯ

ಪೀಠಿಕೆ

ಗಣಿತ ಶಿಕ್ಷಕರ ತರಬೇತಿಯೊಂದರಲ್ಲಿ ನಡೆದ ಸಂಗತಿಯಿಂದ ಈ ಪಾಠವನ್ನು ಆರಂಭಿಸುವುದು ಸೂಕ್ತ. ಚೌಕ ತರಂಗವನ್ನು ಸೈನ್ ತರಂಗಗಳ ಮೊತ್ತವಾಗಿ ಆಲೇಖ ಹಾಳೆಯ ಮೇಲೆ ಬಿಡಿಸಲು ಹೇಳಲಾಗಿತ್ತು. ಶಿಕ್ಷಕಿಯೊಬ್ಬರು ಮೂರು ಪದಗಳವರೆಗೆ ಬಿಡಿಸಿ, ವಕ್ರರೇಖೆ 1ರ ಗೆರೆಯನ್ನು ದಾಟಿ ಮೇಲಕ್ಕೆ ಹೋದುದನ್ನು ಕಂಡು, ತಮ್ಮ ಲೆಕ್ಕವೇ ತಪ್ಪಿರಬೇಕೆಂದು ಎರಡು ಬಾರಿ ಅಳಿಸಿದರು. ಅವರ ಲೆಕ್ಕ ಸರಿಯಾಗಿತ್ತು. ಪದಗಳನ್ನು ಹೆಚ್ಚಿಸುತ್ತಾ ಹೋದರೆ ಮೀರಿಕೆ ತಾನಾಗಿಯೇ ಅಳಿಯುತ್ತದೆ ಎಂಬ ನಮ್ಮ ನಂಬಿಕೆಯೇ ತಪ್ಪಾಗಿತ್ತು. ಸರಿಯಾದ ಉತ್ತರವನ್ನು ವಿದ್ಯಾರ್ಥಿಯಿಂದ ಅಳಿಸಿಸುವ ಪ್ರಮಾದ ನಮ್ಮಿಂದ ಆಗಬಾರದೆಂದರೆ, ಈ ಮೀರಿಕೆ ಏಕೆ ಬರುತ್ತದೆ, ಅದನ್ನು ಸರಾಸರಿಯೆಂಬ ಸರಳ ಕ್ರಿಯೆ ಹೇಗೆ ನಿವಾರಿಸುತ್ತದೆ ಎಂಬುದನ್ನು ತಿಳಿದಿರಬೇಕು.

1. ಮೀರಿಕೆಯನ್ನು ಅಳೆಯುವುದು

x ಬೆಲೆ 0° ಮತ್ತು 180°ಗಳ ನಡುವೆ ಇದ್ದಾಗ 1, −180° ಮತ್ತು 0°ಗಳ ನಡುವೆ ಇದ್ದಾಗ −1 ಆಗಿರುವ, ಪ್ರತಿ 360°ಗೆ ಪುನರಾವರ್ತಿಸುವ ಫಲನವನ್ನು ತೆಗೆದುಕೊಳ್ಳೋಣ. ಇದರ ಫೊರಿಯರ್ ಶ್ರೇಣಿ ಹೀಗಿದೆ:

(4/π) [ sin x + (sin 3x)/3 + (sin 5x)/5 + … ]

ಮೊದಲ ಕೆಲವು ಪದಗಳನ್ನಷ್ಟೇ ಕೂಡಿದಾಗ ದೊರೆಯುವುದು ಆಂಶಿಕ ಮೊತ್ತ. ಒಂದು ಪದವಿದ್ದಾಗ ವಕ್ರರೇಖೆಯ ಶಿಖರ 90°ಯಲ್ಲಿದ್ದು ಅದರ ಎತ್ತರ 1.273. ಎರಡು ಪದಗಳಿದ್ದಾಗ 0°ಗೆ ಸಮೀಪದ ಶಿಖರ 45°ಗೆ ಸರಿಯುತ್ತದೆ, ಎತ್ತರ 1.200. ಮೂರು ಪದಗಳಿಗೆ ಅದು 30°ಯಲ್ಲಿ 1.188. ಒಂಬತ್ತು ಪದಗಳಿಗೆ 10°ಯಲ್ಲಿ ಸುಮಾರು 1.180. ಶಿಖರವು ಜಿಗಿತದ ಬಿಂದುವಾದ 0°ಯ ಕಡೆಗೆ ಸರಿಯುತ್ತಲೇ ಇದೆ, ಆದರೆ ಅದರ ಎತ್ತರ 1ಕ್ಕೆ ಇಳಿಯುತ್ತಿಲ್ಲ. ಪದಗಳನ್ನು ಎಷ್ಟೇ ಹೆಚ್ಚಿಸಿದರೂ ಅದು ಸುಮಾರು 1.179ರ ಬಳಿ ನಿಲ್ಲುತ್ತದೆ. ಜಿಗಿತದ ಒಟ್ಟು ಅಳತೆ 2 ಆದುದರಿಂದ, ಮೀರಿಕೆಯು ಜಿಗಿತದ ಸುಮಾರು ಶೇಕಡಾ 9ರಷ್ಟು.

ಹೆನ್ರಿ ವಿಲ್‌ಬ್ರಹಾಮ್ ಇದನ್ನು 1848ರಲ್ಲಿಯೇ ಗುರುತಿಸಿದ್ದರು. 1899ರಲ್ಲಿ ಅಮೆರಿಕದ ಜೆ. ವಿಲರ್ಡ್ ಗಿಬ್ಸ್ ಇದನ್ನು ಮತ್ತೆ ವಿವರಿಸಿದುದರಿಂದ ಗಿಬ್ಸ್ ವಿದ್ಯಮಾನ ಎಂಬ ಹೆಸರು ನಿಂತಿತು.

ಜಿಗಿತವಿರುವುದರಿಂದ ಮಾತ್ರ ಈ ತೊಂದರೆ, ಜಿಗಿತವಿಲ್ಲದ ಅವಿಚ್ಛಿನ್ನ ಫಲನಗಳು ಸುರಕ್ಷಿತ ಎಂದು ಭಾವಿಸುವಂತಿಲ್ಲ. ಎಲ್ಲಿಯೂ ಕಡಿದುಹೋಗದ ಆವರ್ತಕ ಫಲನವೊಂದರ ಫೊರಿಯರ್ ಶ್ರೇಣಿಯೂ ಒಂದು ಬಿಂದುವಿನಲ್ಲಿ ಅಭಿಸರಿಸದೆ ಹೋಗಬಹುದೆಂದು ಜರ್ಮನಿಯ ಪಾಲ್ ಡು ಬ್ವಾ-ರೇಮಾಂ 1873ರಲ್ಲಿ ತೋರಿಸಿದರು. ಹಾಗಾದರೆ ಫಲನದ ಸೈನ್ ಮತ್ತು ಕೊಸೈನ್ ಗುಣಾಂಕಗಳು ಕೈಯಲ್ಲಿದ್ದರೂ ಅವುಗಳಿಂದ ಫಲನವನ್ನು ಮರಳಿ ಪಡೆಯುವ ಖಚಿತ ಮಾರ್ಗವಿದೆಯೇ ಎಂಬ ಪ್ರಶ್ನೆ ಉಳಿಯಿತು.

2. ಸರಾಸರಿಯ ಉಪಾಯ

1 − 1 + 1 − 1 + … ಎಂಬ ಶ್ರೇಣಿಯನ್ನು ನೋಡಿರಿ. ಇದರ ಆಂಶಿಕ ಮೊತ್ತಗಳು 1, 0, 1, 0 ಎಂದು ತೂಗುತ್ತಲೇ ಇರುತ್ತವೆ, ಎಲ್ಲಿಯೂ ನಿಲ್ಲುವುದಿಲ್ಲ. ಆದರೆ ಅಲ್ಲಿಯವರೆಗಿನ ಆಂಶಿಕ ಮೊತ್ತಗಳ ಸರಾಸರಿಯನ್ನು ತೆಗೆದುಕೊಂಡರೆ 1, 1/2, 2/3, 1/2, 3/5, … ದೊರೆತು, ಅವು 1/2ರ ಕಡೆಗೆ ಹೋಗುತ್ತವೆ. ಶ್ರೇಣಿಯು ಮೊದಲೇ ಅಭಿಸರಿಸುವಂತಿದ್ದರೆ ಸರಾಸರಿಯೂ ಅದೇ ಬೆಲೆಗೆ ಹೋಗುತ್ತದೆ. ಆದುದರಿಂದ ಈ ಕ್ರಿಯೆ ಸರಿಯಾದ ಉತ್ತರವನ್ನು ಕೆಡಿಸುವುದಿಲ್ಲ, ತೂಗಾಟವನ್ನು ಮಾತ್ರ ಶಮನಗೊಳಿಸುತ್ತದೆ. ಇಟಲಿಯ ಅರ್ನೆಸ್ಟೊ ಚೆಸಾರೊ ಅವರ ಹೆಸರಿನಿಂದ ಇದನ್ನು ಚೆಸಾರೊ ಸರಾಸರಿ ಎಂದು ಕರೆಯುತ್ತಾರೆ.

ಹಂಗೇರಿಯ ಲಿಪೋಟ್ ಫೆಯೇರ್ 1900ರಲ್ಲಿ, ತಮ್ಮ ಇಪ್ಪತ್ತನೆಯ ವಯಸ್ಸಿನಲ್ಲಿ, ಇದೇ ಸರಾಸರಿಯನ್ನು ಫೊರಿಯರ್ ಶ್ರೇಣಿಗೆ ಅನ್ವಯಿಸಿದರು. ಅವರ ಪ್ರಮೇಯ ಇದು: ಫಲನವು ಅವಿಚ್ಛಿನ್ನವೂ ಆವರ್ತಕವೂ ಆಗಿದ್ದರೆ, ಅದರ ಫೊರಿಯರ್ ಶ್ರೇಣಿಯ ಆಂಶಿಕ ಮೊತ್ತಗಳ ಸರಾಸರಿಯು ಎಲ್ಲ ಬಿಂದುಗಳಲ್ಲಿಯೂ ಏಕರೂಪವಾಗಿ ಆ ಫಲನಕ್ಕೆ ಅಭಿಸರಿಸುತ್ತದೆ.

3. ಒಂದು ಲೆಕ್ಕ

nx ವರೆಗಿನ ಕೋನಗಳ ಪದಗಳನ್ನು ಕೂಡಿದ ಮೊತ್ತವನ್ನು Sₙ ಎಂದು ಕರೆಯೋಣ. ನಮ್ಮ ಶ್ರೇಣಿಯಲ್ಲಿ ಸ್ಥಿರಾಂಕವಿಲ್ಲ, ಆದುದರಿಂದ S₀ = 0. sin 2x ಮತ್ತು sin 4x ಪದಗಳಿಲ್ಲದ ಕಾರಣ S₂ = S₁, S₄ = S₃. ಮೊದಲ ಆರು ಮೊತ್ತಗಳ ಸರಾಸರಿ:

σ₆ = (S₀ + S₁ + S₂ + S₃ + S₄ + S₅) / 6

x = 30° ಎಂದಿಡೋಣ. sin 30° = 0.5, sin 90° = 1, sin 150° = 0.5. ಆಗ S₁ = S₂ = 0.637, S₃ = S₄ = 1.061, S₅ = 1.188. S₀ ಸೇರಿ ಆರರ ಮೊತ್ತ 4.584, ಸರಾಸರಿ 0.764. ಯಾವ ಬಿಂದುವಿನಲ್ಲಿ S₅ ಅತಿ ಹೆಚ್ಚು ಮೀರಿತ್ತೋ ಅಲ್ಲಿಯೇ σ₆ 1ರ ಒಳಗೆ ಉಳಿಯಿತು. x = 90°ಯಲ್ಲಿ S₅ = 1.103, σ₆ = 0.891. ಹನ್ನೆರಡು ಮೊತ್ತಗಳ ಸರಾಸರಿಯನ್ನು 30°ಯಲ್ಲಿ ತೆಗೆದರೆ 0.898 ಬರುತ್ತದೆ. ಅಂದರೆ ಸರಾಸರಿಯು ಕೆಳಗಿನಿಂದ 1ರ ಕಡೆಗೆ ಏರುತ್ತಿದೆ, ದಾಟುತ್ತಿಲ್ಲ.

ಇಲ್ಲಿ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವ ಸ್ಥಳವೊಂದಿದೆ. S₀ ಸೊನ್ನೆಯೆಂದು ಅದನ್ನು ಬಿಟ್ಟು, ಐದು ಮೊತ್ತಗಳನ್ನು ಕೂಡಿ 5ರಿಂದ ಭಾಗಿಸುತ್ತಾರೆ. ಆಗ 90°ಯಲ್ಲಿ 1.070 ಬಂದು ಮೀರಿಕೆ ಮರಳಿ ಕಾಣಿಸಿಕೊಳ್ಳುತ್ತದೆ. ಸರಾಸರಿ 1ನ್ನು ದಾಟಿತೆಂದರೆ S₀ ಬಿಟ್ಟುಹೋಗಿದೆಯೇ, ಭಾಜಕ ಸರಿಯಾಗಿದೆಯೇ ಎಂದು ಮೊದಲು ಪರಿಶೀಲಿಸಬೇಕು.

4. ಏಕೆ ಹೀಗೆ? ತೂಕಗಳ ಚಿಹ್ನೆ

ಮೂರು ಪರೀಕ್ಷೆಗಳ ಅಂಕಗಳಿಗೆ ಬೇರೆ ಬೇರೆ ತೂಕ ಕೊಟ್ಟು ಸರಾಸರಿ ತೆಗೆಯುವುದು ನಮಗೆಲ್ಲ ಪರಿಚಿತ. ತೂಕಗಳು ಋಣವಲ್ಲದೆ, ಅವುಗಳ ಮೊತ್ತ 1 ಆಗಿದ್ದರೆ, ಸರಾಸರಿ ಎಂದಿಗೂ ಅತಿ ಹೆಚ್ಚಿನ ಅಂಕವನ್ನು ಮೀರದು. ಆದರೆ ತೂಕಗಳನ್ನು 2 ಮತ್ತು −1 ಎಂದು ಇಟ್ಟರೆ, ಮೊತ್ತ 1 ಆಗಿದ್ದರೂ, 80 ಮತ್ತು 60ರ ‘ಸರಾಸರಿ’ 160 − 60 = 100 ಆಗಿಬಿಡುತ್ತದೆ. ಇಡೀ ವಿಷಯದ ಮರ್ಮ ಇಷ್ಟೇ.

Sₙ ಮತ್ತು σ ಎರಡೂ x ಸುತ್ತಲಿನ ಫಲನದ ಬೆಲೆಗಳ ತೂಕದ ಸರಾಸರಿಗಳು. x ನಿಂದ t ದೂರದಲ್ಲಿರುವ ಬೆಲೆಗೆ S₁ ಕೊಡುವ ತೂಕ 1 + 2 cos t ಗೆ ಅನುಪಾತದಲ್ಲಿರುತ್ತದೆ. t = 180° ಆದಾಗ ಇದು −1, ಅಂದರೆ ಋಣ. S₀ ಕೊಡುವ ತೂಕ ಎಲ್ಲೆಡೆಯೂ 1. ಈ ಎರಡರ ಸರಾಸರಿ 1 + cos t. ಇದು ಎಂದಿಗೂ ಸೊನ್ನೆಗಿಂತ ಕೆಳಗಿಳಿಯುವುದಿಲ್ಲ. ಸಾಮಾನ್ಯವಾಗಿ N ಮೊತ್ತಗಳ ಸರಾಸರಿಗೆ ದೊರೆಯುವ ತೂಕ:

F(t) = (1/N) · [ sin(Nt/2) / sin(t/2) ]²

ಇದೊಂದು ವರ್ಗ, ಆದುದರಿಂದ ಎಲ್ಲಿಯೂ ಋಣವಾಗದು. ಫಲನದ ಬೆಲೆಗಳು −1 ಮತ್ತು 1ರ ನಡುವೆ ಇದ್ದರೆ σ ಕೂಡ ಅಲ್ಲಿಯೇ ಇರಬೇಕು. ಮೀರಿಕೆ ಅಸಾಧ್ಯವಾಗುವುದು ಈ ಕಾರಣದಿಂದ.

ಅಭಿಸರಣದ ಖಾತರಿಯೂ ಇದೇ ಸೂತ್ರದಲ್ಲಿದೆ. x ನ ಸುತ್ತ δ ಎಂಬ ಚಿಕ್ಕ ಅಂತರವನ್ನು ಗುರುತಿಸೋಣ. ಅದರ ಒಳಗೆ, ಫಲನ ಅವಿಚ್ಛಿನ್ನವಾದುದರಿಂದ, ಬೆಲೆಗಳು f(x) ನಿಂದ ε ಎಂಬ ಅಲ್ಪ ಪ್ರಮಾಣಕ್ಕಿಂತ ಹೆಚ್ಚು ಬೇರೆಯಾಗಿರುವುದಿಲ್ಲ. ಅದರ ಹೊರಗೆ ಬೆಲೆಗಳು ಬಹಳ ಬೇರೆಯಾಗಿರಬಹುದು, ಆದರೆ ಹೊರಗಿನ ಒಟ್ಟು ತೂಕ 1/(N sin²(δ/2)) ಅನ್ನು ಮೀರದು. ಫಲನದ ಬೆಲೆ M ಒಳಗಿದ್ದರೆ ಹೊರಗಿನ ಪ್ರತಿಯೊಂದು ವ್ಯತ್ಯಾಸ ಹೆಚ್ಚೆಂದರೆ 2M. ಆದುದರಿಂದ ಒಟ್ಟು ದೋಷ

ε + 2M / (N sin²(δ/2))

ಇದರ ಒಳಗೆ ನಿಲ್ಲುತ್ತದೆ. ಮೊದಲು δ ಆರಿಸಿ ε ಯನ್ನು ಚಿಕ್ಕದು ಮಾಡಬೇಕು. ಆಮೇಲೆ N ಹೆಚ್ಚಿಸಿದರೆ ಎರಡನೆಯ ಪದವೂ ಕುಗ್ಗುತ್ತದೆ. ಅವಿಚ್ಛಿನ್ನ ಆವರ್ತಕ ಫಲನಕ್ಕೆ ಒಂದೇ δ ಎಲ್ಲ x ಗಳಿಗೂ ಸಾಲುತ್ತದೆ, ಆದ್ದರಿಂದಲೇ ಅಭಿಸರಣ ಏಕರೂಪವಾಗುತ್ತದೆ. Sₙ ಗೆ ಈ ವಾದ ಹೊಂದದು. ಅದರ ಧನ ಮತ್ತು ಋಣ ತೂಕಗಳ ಮೊತ್ತ 1 ಆಗಿಯೇ ಉಳಿದರೂ, ಚಿಹ್ನೆ ಬಿಟ್ಟು ಕೂಡಿದರೆ ಒಟ್ಟು ತೂಕ n ಹೆಚ್ಚಿದಂತೆ ಮಿತಿಯಿಲ್ಲದೆ ಬೆಳೆಯುತ್ತದೆ.

5. ಮಿತಿಗಳು

ಈ ಖಾತರಿಗೆ ಬೆಲೆಯೊಂದಿದೆ. f(x) = cos x ಎಂಬ ಸರಳ ಫಲನವನ್ನೇ ತೆಗೆದುಕೊಳ್ಳಿರಿ. ಅದರ ಶ್ರೇಣಿಯಲ್ಲಿ ಒಂದೇ ಪದ, S₁ ನಲ್ಲಿಯೇ ಪೂರ್ಣ ಉತ್ತರ. ಸರಾಸರಿಯಾದರೋ (1 − 1/N) cos x. ಹತ್ತು ಮೊತ್ತಗಳಿಗೆ 0.9 cos x, ನೂರಕ್ಕೆ 0.99 cos x. ನಯವಾದ ಫಲನಗಳಿಗೆ ಸರಾಸರಿಯು ಶ್ರೇಣಿಗಿಂತ ನಿಧಾನ. ಆದುದರಿಂದ ಶ್ರೇಣಿಯೇ ಚೆನ್ನಾಗಿ ಅಭಿಸರಿಸುವಲ್ಲಿ ಸರಾಸರಿ ತೆಗೆಯುವುದು ಲಾಭಕರವಲ್ಲ.

ಜಿಗಿತವಿರುವ ಫಲನದಲ್ಲಿ ಸರಾಸರಿಯು ಮೀರಿಕೆಯನ್ನು ತೆಗೆಯುತ್ತದೆಯೇ ಹೊರತು ಜಿಗಿತವನ್ನು ಯಥಾವತ್ತಾಗಿ ಬಿಡಿಸಲಾರದು. ಚೌಕ ತರಂಗದ ಸರಾಸರಿ 0°ಯಲ್ಲಿ ಯಾವಾಗಲೂ 0, ಅಂದರೆ ಜಿಗಿತದ ನಡುಬೆಲೆ. ಅಲ್ಲಿಂದ ಅದು ಇಳಿಜಾರಾಗಿ 1ರ ಕಡೆಗೆ ಏರುತ್ತದೆ. ಏಕರೂಪ ಅಭಿಸರಣದ ಮಾತು ಅವಿಚ್ಛಿನ್ನ ಫಲನಗಳಿಗೆ ಮಾತ್ರ.

ಸರಾಸರಿ ಅಭಿಸರಿಸಿತೆಂದು ಮೂಲ ಶ್ರೇಣಿಯೂ ಅಭಿಸರಿಸುತ್ತದೆ ಎಂದು ಬರೆಯುವ ವಿದ್ಯಾರ್ಥಿಗೆ 1 − 1 + 1 − … ಶ್ರೇಣಿಯನ್ನು ಮತ್ತೆ ತೋರಿಸುವುದು ಸಾಕು.

ಅಭ್ಯಾಸ

1. x = 45° ಎಂದಿಟ್ಟು S₅ ಮತ್ತು σ₆ ಕಂಡುಹಿಡಿಯಿರಿ. (ಉತ್ತರ: 1.020, 0.870)
2. 1 − 1 + 1 − … ಶ್ರೇಣಿಯ ಮೊದಲ ಏಳು ಆಂಶಿಕ ಮೊತ್ತಗಳ ಸರಾಸರಿ ಎಷ್ಟು? (ಉತ್ತರ: 4/7)
3. N = 2 ಎಂದಿಟ್ಟಾಗ F(t) ಸೂತ್ರವು 1 + cos t ಆಗುತ್ತದೆಂದು ತೋರಿಸಿರಿ. (ಸೂಚನೆ: sin t = 2 sin(t/2) cos(t/2))