ಗ್ರಾಮ ಸಭೆಯ ವಿಡಿಯೋ ತುಣುಕುಗಳನ್ನು ಗುಣಮಟ್ಟ ಕೆಡದಂತೆ ಜೋಡಿಸುವುದು ಮತ್ತು ಬೇಕಾದ ಭಾಗವನ್ನು ಸಮಯಾನುಸಾರ ಬೇರ್ಪಡಿಸುವುದು



ಗ್ರಾಮ ಸಭೆಯನ್ನು ಚಿತ್ರೀಕರಿಸಿದ ಪಂಚಾಯತಿಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಬೇಡಿಕೆಗಳು ಬರುತ್ತವೆ. ಇಡೀ ಸಭೆಯನ್ನು ಒಂದೇ ಕಡತವಾಗಿ ಕಾಪಿಡಬೇಕೆಂಬುದು ಮೊದಲನೆಯದು. ನಿರ್ದಿಷ್ಟ ವಿಷಯದ ಚರ್ಚೆ ನಡೆದ ಕೆಲವು ನಿಮಿಷಗಳನ್ನಷ್ಟೇ ತೋರಿಸಬೇಕೆಂಬುದು ಎರಡನೆಯದು. ವಸತಿ ಫಲಾನುಭವಿಗಳ ಆಯ್ಕೆಯ ಬಗ್ಗೆ ತಕರಾರು ಬಂದಾಗ ಎರಡನೆಯ ಬೇಡಿಕೆಯ ಮಹತ್ವ ತಿಳಿಯುತ್ತದೆ. ಈ ಎರಡೂ ಕೆಲಸಗಳನ್ನು ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶದಿಂದ, ಮೂಲ ಚಿತ್ರದ ಗುಣಮಟ್ಟಕ್ಕೆ ಧಕ್ಕೆಯಾಗದಂತೆ, ಕಚೇರಿಯ ಸಾಮಾನ್ಯ ಗಣಕಯಂತ್ರದಲ್ಲಿಯೇ ಮಾಡಬಹುದು. ಆಜ್ಞೆಗಳನ್ನು ಬೆರಳಚ್ಚಿಸುವವರು ಡಾಟಾ ಎಂಟ್ರಿ ಆಪರೇಟರ್ ಆಗಿದ್ದರೂ, ಏನು ನಡೆಯುತ್ತಿದೆ ಮತ್ತು ಫಲಿತಾಂಶ ಸರಿಯಿದೆಯೇ ಎಂಬುದನ್ನು ಸದಸ್ಯರು ತಾವೇ ಪರಿಶೀಲಿಸಲು ಅನುವಾಗಲೆಂದು ಈ ಪಾಠವನ್ನು ಸಿದ್ಧಪಡಿಸಲಾಗಿದೆ.

1. ವಿಡಿಯೋ ತುಣುಕಾಗುವುದೇಕೆ?

32 ಜಿಬಿ ಅಥವಾ ಅದಕ್ಕಿಂತ ಕಡಿಮೆ ಸಾಮರ್ಥ್ಯದ ಮೆಮೊರಿ ಕಾರ್ಡುಗಳು ಸಾಮಾನ್ಯವಾಗಿ ಫ್ಯಾಟ್‌32 ಎಂಬ ವಿನ್ಯಾಸದಲ್ಲಿರುತ್ತವೆ. ಈ ವಿನ್ಯಾಸದಲ್ಲಿ ಒಂದು ಕಡತವು 4 ಜಿಬಿ ಮೀರುವಂತಿಲ್ಲ. ಆದುದರಿಂದ ಕ್ಯಾಮೆರಾ ಆ ಮಿತಿ ತಲುಪಿದೊಡನೆ ಕಡತವನ್ನು ಮುಚ್ಚಿ ಹೊಸದನ್ನು ತೆರೆಯುತ್ತದೆ. ಸೆಕೆಂಡಿಗೆ 17 ಮೆಗಾಬಿಟ್ ದರದಲ್ಲಿ ಚಿತ್ರೀಕರಿಸಿದರೆ ಸುಮಾರು 33 ನಿಮಿಷ 40 ಸೆಕೆಂಡಿಗೆ ಒಂದು ತುಣುಕು ಮುಗಿಯುತ್ತದೆ.

ಉದಾಹರಣೆಗೆ, 1 ಗಂಟೆ 32 ನಿಮಿಷ ನಡೆದ ಒಂದು ಗ್ರಾಮ ಸಭೆಯನ್ನು ತೆಗೆದುಕೊಳ್ಳೋಣ. ಮೊದಲ ಎರಡು ತುಣುಕುಗಳು ತಲಾ 33 ನಿಮಿಷ 40 ಸೆಕೆಂಡು, ಮೂರನೆಯದು 24 ನಿಮಿಷ 40 ಸೆಕೆಂಡು ಇವೆ. ಫಲಾನುಭವಿಗಳ ಆಯ್ಕೆಯ ಚರ್ಚೆಯು ಎರಡನೆಯ ತುಣುಕಿನ 31ನೇ ನಿಮಿಷ 20ನೇ ಸೆಕೆಂಡಿಗೆ ಆರಂಭವಾಗಿ, ಮೂರನೆಯ ತುಣುಕಿನ 3ನೇ ನಿಮಿಷ 50ನೇ ಸೆಕೆಂಡಿಗೆ ಮುಗಿದಿದೆ. ಅಂದರೆ ತಕರಾರಿನ ವಿಷಯವೇ ಎರಡು ಕಡತಗಳಲ್ಲಿ ಹರಿದುಹೋಗಿದೆ. ಆದುದರಿಂದ ಮೊದಲು ಜೋಡಿಸಿ, ಅನಂತರ ಬೇರ್ಪಡಿಸುವುದು ಸರಿಯಾದ ಕ್ರಮ.

2. ಮರು-ಎನ್‌ಕೋಡ್ ಮಾಡದೆ ಜೋಡಿಸುವುದೆಂದರೇನು?

ಬಹುತೇಕ ವಿಡಿಯೋ ಸಂಪಾದನಾ ತಂತ್ರಾಂಶಗಳು ಪ್ರತಿಯೊಂದು ಚಿತ್ರವನ್ನೂ ಬಿಡಿಸಿ, ಮತ್ತೆ ಅದುಮಿ ಬರೆಯುತ್ತವೆ. ಇದಕ್ಕೆ ಬಹಳ ಸಮಯ ಬೇಕು. ಪ್ರತಿ ಸಲವೂ ಗುಣಮಟ್ಟ ಸ್ವಲ್ಪ ಕುಗ್ಗುತ್ತದೆ. ಎಫ್‌ಎಫ್‌ಎಂಪೆಗ್‌ನಲ್ಲಿ `-c copy` ಎಂದು ಸೂಚಿಸಿದರೆ, ಅದುಮಿಟ್ಟ ದತ್ತಾಂಶವನ್ನು ಬಿಡಿಸದೆ ಇದ್ದಂತೆಯೇ ಹೊಸ ಕಡತಕ್ಕೆ ಸಾಗಿಸಲಾಗುತ್ತದೆ. ಕೆಲಸದ ವೇಗವು ಡಿಸ್ಕಿನ ಬರೆಯುವ ವೇಗವನ್ನಷ್ಟೇ ಅವಲಂಬಿಸುವುದರಿಂದ ಒಂದೂವರೆ ಗಂಟೆಯ ಸಭೆಯೂ ಕೆಲವೇ ನಿಮಿಷಗಳಲ್ಲಿ ಸಿದ್ಧವಾಗುತ್ತದೆ.

ಕಡತಗಳನ್ನು ಒಂದರ ಹಿಂದೆ ಒಂದು ಅಂಟಿಸಿದರೆ ಸಾಲದೇ ಎಂಬ ಪ್ರಶ್ನೆ ಸಹಜ. ಎಂಪಿ4 ಕಡತದೊಳಗೆ ಯಾವ ಚಿತ್ರ ಎಲ್ಲಿದೆ ಎಂಬುದರ ಸೂಚಿಯೊಂದು ಇರುತ್ತದೆ. ಬರಿದೇ ಅಂಟಿಸಿದಲ್ಲಿ ಪ್ಲೇಯರ್ ಮೊದಲ ಕಡತದ ಸೂಚಿಯನ್ನಷ್ಟೇ ಓದಿ, ಮೊದಲ ತುಣುಕನ್ನಷ್ಟೇ ತೋರಿಸುತ್ತದೆ. ಎಫ್‌ಎಫ್‌ಎಂಪೆಗ್ ಎಲ್ಲ ತುಣುಕುಗಳಿಗೂ ಸೇರಿ ಒಂದು ಹೊಸ ಸೂಚಿಯನ್ನು ಬರೆಯುತ್ತದೆ.

3. ಜೋಡಣೆಯ ವಿಧಾನ

ಮೂರೂ ತುಣುಕುಗಳನ್ನು ಯುಎಸ್‌ಬಿ ಕೇಬಲ್ ಅಥವಾ ಕಾರ್ಡ್ ರೀಡರ್ ಮೂಲಕ ಒಂದೇ ಫೋಲ್ಡರಿಗೆ ನಕಲಿಸಿಕೊಳ್ಳಬೇಕು. ವಾಟ್ಸಾಪ್‌ನಲ್ಲಿ ವಿಡಿಯೋ ಆಗಿ ಕಳುಹಿಸಿದರೆ ಅದು ಕಡತವನ್ನು ಮತ್ತೆ ಅದುಮುವುದರಿಂದ ಆ ದಾರಿಯನ್ನು ಬಳಸಬಾರದು. `ffmpeg.exe` ಮತ್ತು `ffprobe.exe` ಕಡತಗಳೂ ಅದೇ ಫೋಲ್ಡರಿನಲ್ಲಿರಲಿ. ತುಣುಕುಗಳಿಗೆ ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಖಾಲಿ ಜಾಗವಿಲ್ಲದ ಸರಳ ಹೆಸರುಗಳನ್ನು ಕೊಡಬೇಕು. ಫೋಲ್ಡರಿನ ಮೇಲಿನ ವಿಳಾಸ ಪಟ್ಟಿಯಲ್ಲಿ `cmd` ಎಂದು ಬರೆದು ಎಂಟರ್ ಒತ್ತಿದರೆ ಆಜ್ಞೆ ನೀಡುವ ಕಪ್ಪು ಕಿಟಕಿ ತೆರೆಯುತ್ತದೆ.

ಮೊದಲು ಪ್ರತಿ ತುಣುಕಿನ ಲಕ್ಷಣಗಳನ್ನು ನೋಡಬೇಕು.

```
ffprobe -hide_banner sabhe1.mp4
```

ತೆರೆಯ ಮೇಲೆ `Duration` ಎಂಬಲ್ಲಿ ಅವಧಿ, `Video` ಎಂಬ ಸಾಲಿನಲ್ಲಿ ಅದುಮುವ ವಿಧಾನ (`h264` ಅಥವಾ `hevc`), ಚಿತ್ರದ ಅಳತೆ (`1920x1080`) ಮತ್ತು ಸೆಕೆಂಡಿಗೆ ಎಷ್ಟು ಚಿತ್ರಗಳೆಂಬುದು (`30 fps`), `Audio` ಎಂಬ ಸಾಲಿನಲ್ಲಿ ಧ್ವನಿಯ ವಿಧಾನ ಹಾಗೂ ದರ (`aac`, `48000 Hz`) ಕಾಣುತ್ತವೆ. ಮೂರೂ ತುಣುಕುಗಳಲ್ಲಿ ಇವು ಒಂದೇ ಆಗಿದ್ದರೆ ಮುಂದುವರಿಯಬಹುದು. ಒಂದೇ ಕ್ಯಾಮೆರಾ ತಾನಾಗಿ ವಿಭಜಿಸಿದ ತುಣುಕುಗಳು ಒಂದೇ ಆಗಿರುತ್ತವೆ.

ಅನಂತರ ನೋಟ್‌ಪ್ಯಾಡಿನಲ್ಲಿ ತುಣುಕುಗಳ ಪಟ್ಟಿಯನ್ನು ಬರೆದು `list.txt` ಎಂಬ ಹೆಸರಿನಲ್ಲಿ ಉಳಿಸಬೇಕು.

```
file 'sabhe1.mp4'
file 'sabhe2.mp4'
file 'sabhe3.mp4'
```

ಪಟ್ಟಿಯಲ್ಲಿರುವ ಕ್ರಮವೇ ವಿಡಿಯೋದ ಕ್ರಮವಾಗುತ್ತದೆ. ಇನ್ನು ಜೋಡಿಸುವ ಆಜ್ಞೆ:

```
ffmpeg -f concat -safe 0 -i list.txt -c copy sabhe.mp4
```

`-f concat` ಎಂಬುದು ಪಟ್ಟಿಯ ಪ್ರಕಾರ ಜೋಡಿಸಬೇಕೆಂದು ತಿಳಿಸುತ್ತದೆ. `-safe 0` ಇಲ್ಲದಿದ್ದರೆ, ಪಟ್ಟಿಯಲ್ಲಿ ಫೋಲ್ಡರಿನ ಪೂರ್ಣ ವಿಳಾಸವನ್ನು ಬರೆದಾಗ `Unsafe file name` ಎಂಬ ತಕರಾರು ಬರುತ್ತದೆ. `sabhe.mp4` ಎಂಬುದು ಹೊಸ ಕಡತದ ಹೆಸರು. ಆ ಹೆಸರಿನ ಕಡತ ಈಗಾಗಲೇ ಇದ್ದರೆ `Overwrite? [y/N]` ಎಂದು ಕೇಳುತ್ತದೆ. ಆಗ `N` ಒತ್ತಿ ಬೇರೆ ಹೆಸರು ಕೊಡುವುದು ಕ್ಷೇಮ.

4. ಜೋಡಣೆ ಸರಿಯಾಗಿದೆಯೇ?

ಎರಡು ಪರೀಕ್ಷೆಗಳು ಸಾಕು. ಮೊದಲನೆಯದಾಗಿ, ಹೊಸ ಕಡತದ ಅವಧಿಯು ತುಣುಕುಗಳ ಅವಧಿಗಳ ಮೊತ್ತಕ್ಕೆ ಸಮನಾಗಿರಬೇಕು. ನಮ್ಮ ಉದಾಹರಣೆಯಲ್ಲಿ ಅದು 1 ಗಂಟೆ 32 ನಿಮಿಷ; ಒಂದೆರಡು ಸೆಕೆಂಡಿನ ವ್ಯತ್ಯಾಸವನ್ನು ಕಡೆಗಣಿಸಬಹುದು. ಎರಡನೆಯದಾಗಿ, ಜೋಡಣೆಯ ಸ್ಥಳಗಳಾದ 33 ನಿಮಿಷ 40 ಸೆಕೆಂಡು ಹಾಗೂ 1 ಗಂಟೆ 7 ನಿಮಿಷ 20 ಸೆಕೆಂಡುಗಳಿಂದ ಮುಂದಿನ ಒಂದು ನಿಮಿಷವನ್ನು ನೋಡಬೇಕು, ಕೇಳಬೇಕು.

ಅಲ್ಲಿಂದಾಚೆಗೆ ಚಿತ್ರ ಹಸಿರಾಗಿ ಒಡೆದರೆ, ನಿಂತುಹೋದರೆ ಅಥವಾ ಧ್ವನಿಯ ವೇಗ ಬದಲಾದರೆ, ಆ ತುಣುಕಿನ ಲಕ್ಷಣಗಳು ಬೇರೆಯಾಗಿವೆ ಎಂದು ತಿಳಿಯಬೇಕು. ಬ್ಯಾಟರಿ ಮುಗಿದು ಸಭೆಯ ಕೊನೆಯ ಭಾಗವನ್ನು ಬೇರೊಂದು ಮೊಬೈಲಿನಲ್ಲಿ ತೆಗೆದಾಗ ಹೀಗಾಗುತ್ತದೆ. ಆಜ್ಞೆಯು ಯಾವ ತಡೆಯೂ ಇಲ್ಲದೆ ಮುಗಿದಿರಬಹುದು; ಆದ್ದರಿಂದ ಕಣ್ಣಿನಿಂದ ನೋಡುವುದು ಅನಿವಾರ್ಯ. ಇಂತಹ ಸಂದರ್ಭದಲ್ಲಿ ನಕಲು ವಿಧಾನ ನಡೆಯದು. ಮೂರೂ ತುಣುಕುಗಳನ್ನು ಒಂದೊಂದಾಗಿ ಒಂದೇ ಬಗೆಯ ಆಜ್ಞೆಯಿಂದ ಮರು-ಎನ್‌ಕೋಡ್ ಮಾಡಿ, ಹೊಸ ಹೆಸರುಗಳನ್ನು ಪಟ್ಟಿಗೆ ಸೇರಿಸಿ ಮತ್ತೆ ಜೋಡಿಸಬೇಕು.

```
ffmpeg -i sabhe3.mp4 -vf scale=1920:1080 -r 30 -c:v libx264 -c:a aac -ar 48000 -ac 2 s3.mp4
```

ಎಲ್ಲ ತುಣುಕುಗಳನ್ನೂ ಅಡ್ಡಲಾಗಿ ಹಿಡಿದು ಚಿತ್ರೀಕರಿಸಿದ್ದಾಗ ಮಾತ್ರ ಈ ಆಜ್ಞೆ ಸೂಕ್ತ. ಮೊಬೈಲನ್ನು ಉದ್ದವಾಗಿ ಹಿಡಿದು ತೆಗೆದ ಚಿತ್ರ ಇದರಿಂದ ಹಿಗ್ಗಿ ವಿಕಾರವಾಗುತ್ತದೆ.

5. ಬೇಕಾದ ಭಾಗವನ್ನು ಬೇರ್ಪಡಿಸುವುದು

ಜೋಡಿಸಿದ ಕಡತದಲ್ಲಿ ಚರ್ಚೆಯ ಸ್ಥಾನವನ್ನು ಲೆಕ್ಕ ಹಾಕೋಣ. ಮೊದಲ ತುಣುಕಿನ 33 ನಿಮಿಷ 40 ಸೆಕೆಂಡಿಗೆ 31 ನಿಮಿಷ 20 ಸೆಕೆಂಡು ಕೂಡಿದರೆ 1 ಗಂಟೆ 5 ನಿಮಿಷ, ಇದು ಆರಂಭ. ಮೊದಲ ಎರಡು ತುಣುಕುಗಳ ಒಟ್ಟು 1 ಗಂಟೆ 7 ನಿಮಿಷ 20 ಸೆಕೆಂಡಿಗೆ 3 ನಿಮಿಷ 50 ಸೆಕೆಂಡು ಕೂಡಿದರೆ 1 ಗಂಟೆ 11 ನಿಮಿಷ 10 ಸೆಕೆಂಡು, ಇದು ಅಂತ್ಯ.

```
ffmpeg -ss 01:05:00 -to 01:11:10 -i sabhe.mp4 -c copy vasati.mp4
```

`-ss` ಎಂದರೆ ಎಲ್ಲಿಂದ, `-to` ಎಂದರೆ ಎಲ್ಲಿಯವರೆಗೆ. ಎರಡೂ `-i` ಎಂಬುದಕ್ಕಿಂತ ಮೊದಲೇ ಬರಬೇಕು. `-ss` ಮೊದಲು ಬಂದು `-to` ಅನಂತರ ಬಂದರೆ, ಆ ಅಂತ್ಯದ ಸಮಯವನ್ನು ಹೊಸ ತುಣುಕಿನ ಸೊನ್ನೆಯಿಂದ ಎಣಿಸಲಾಗುತ್ತದೆ. ಆಗ 6 ನಿಮಿಷ 10 ಸೆಕೆಂಡಿನ ಬದಲು, ಚರ್ಚೆಯ ಆರಂಭದಿಂದ ಸಭೆಯ ಕೊನೆಯವರೆಗಿನ 27 ನಿಮಿಷಗಳೂ ಬರುತ್ತವೆ. ಫಲಿತ ಕಡತದ ಅವಧಿಯನ್ನು ನೋಡಿದರೆ ಈ ತಪ್ಪು ಕೂಡಲೇ ತಿಳಿಯುತ್ತದೆ.

6. ಆರಂಭದ ಕ್ಷಣವು ನಿಖರವಾಗಿ ಬಾರದಿರುವುದೇಕೆ?

ವಿಡಿಯೋದಲ್ಲಿ ಪ್ರತಿಯೊಂದು ಚಿತ್ರವನ್ನೂ ಪೂರ್ಣವಾಗಿ ಬರೆದಿರುವುದಿಲ್ಲ. ಆಗಾಗ ಒಂದು ಪೂರ್ಣ ಚಿತ್ರ ಇರುತ್ತದೆ. ಇದಕ್ಕೆ ಕೀ ಫ್ರೇಮ್ ಎನ್ನುತ್ತಾರೆ. ನಡುವಿನವು ಇತರ ಚಿತ್ರಗಳಿಗಿಂತ ಏನು ಬದಲಾಯಿತೆಂಬುದನ್ನಷ್ಟೇ ಹೇಳುತ್ತವೆ. ನಕಲು ವಿಧಾನದಲ್ಲಿ ಚಿತ್ರವನ್ನು ಬಿಡಿಸುವುದಿಲ್ಲವಾದ್ದರಿಂದ, ತಾವು ಕೇಳಿದ ಕ್ಷಣದ ಹಿಂದಿನ ಕೀ ಫ್ರೇಮ್‌ನಿಂದಲೇ ತುಣುಕು ಆರಂಭವಾಗಬೇಕಾಗುತ್ತದೆ. ಹೀಗಾಗಿ ಕೆಲವು ಪ್ಲೇಯರುಗಳಲ್ಲಿ ಒಂದೆರಡು ಸೆಕೆಂಡು ಮುಂಚಿನ ದೃಶ್ಯ ಕಾಣಬಹುದು; ಇನ್ನು ಕೆಲವುಗಳಲ್ಲಿ ಧ್ವನಿ ಕೇಳುತ್ತಿದ್ದರೂ ಚಿತ್ರ ಕ್ಷಣಕಾಲ ನಿಂತಂತಿರಬಹುದು. ಇದು ಕಡತದ ದೋಷವಲ್ಲ.

ದಾಖಲೆಯ ದೃಷ್ಟಿಯಿಂದ, ವಿಷಯವನ್ನು ಓದಿ ಹೇಳುವುದಕ್ಕಿಂತ 10 ಸೆಕೆಂಡು ಮೊದಲೇ ಆರಂಭಿಸಿದರೆ ಯಾವ ಮಾತೂ ತಪ್ಪುವುದಿಲ್ಲ. ನಿಖರವಾದ ಆರಂಭವೇ ಬೇಕಿದ್ದಲ್ಲಿ ಆ ಚಿಕ್ಕ ಭಾಗವನ್ನಷ್ಟೇ ಮರು-ಎನ್‌ಕೋಡ್ ಮಾಡಬಹುದು. ಮೇಲಿನ ಆಜ್ಞೆಯಲ್ಲಿ `-c copy` ಬದಲು `-c:v libx264 -crf 20 -c:a aac` ಎಂದು ಬರೆದರೆ ಸಾಕು.

7. ಕಾಪಿಡುವಾಗ ಗಮನಿಸಬೇಕಾದುದು

ನಮ್ಮ ಉದಾಹರಣೆಯ ಜೋಡಿಸಿದ ಕಡತ ಸುಮಾರು 11.7 ಜಿಬಿ ಆಗುತ್ತದೆ. ತುಣುಕುಗಳೂ ಅಷ್ಟೇ ಜಾಗವನ್ನು ಹಿಡಿಯುವುದರಿಂದ, ಡಿಸ್ಕಿನಲ್ಲಿ 25 ಜಿಬಿಯಾದರೂ ತೆರವಿರಬೇಕು. ಫ್ಯಾಟ್‌32 ವಿನ್ಯಾಸದ ಪೆನ್‌ಡ್ರೈವಿಗೆ ಈ ಕಡತವನ್ನು ನಕಲಿಸಲು ಹೋದರೆ, ಜಾಗವಿದ್ದರೂ ಕಡತ ಬಹಳ ದೊಡ್ಡದೆಂಬ ಸಂದೇಶ ಬರುತ್ತದೆ. ಕಾರಣ ಹಿಂದೆ ಹೇಳಿದ 4 ಜಿಬಿ ಮಿತಿಯೇ. ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್ ವಿನ್ಯಾಸಕ್ಕೆ ಬದಲಾಯಿಸಿದರೆ ಸರಿಹೋಗುತ್ತದೆ. ಆದರೆ ಹಾಗೆ ಮಾಡಿದಾಗ ಅದರಲ್ಲಿರುವುದೆಲ್ಲ ಅಳಿಸಿಹೋಗುವುದರಿಂದ ಮೊದಲು ಬೇರೆಡೆಗೆ ನಕಲಿಸಿಕೊಳ್ಳಬೇಕು.

ಜೋಡಣೆ ಮುಗಿಯಿತೆಂದು ಕ್ಯಾಮೆರಾದ ಮೂಲ ತುಣುಕುಗಳನ್ನು ಅಳಿಸಬಾರದು. ಬೇರ್ಪಡಿಸಿದ ಆರು ನಿಮಿಷಗಳು ಸಭೆಯ ಒಂದು ಭಾಗ ಮಾತ್ರ. ಅದಕ್ಕಿಂತ ಮೊದಲು ಯಾರು ಏನು ಆಕ್ಷೇಪಿಸಿದ್ದರು ಎಂಬ ಪ್ರಶ್ನೆ ಎದ್ದರೆ ಮೂಲವೇ ಉತ್ತರ ಹೇಳಬೇಕು. ಆದ್ದರಿಂದ ಭಾಗವನ್ನು ಯಾರಿಗೇ ಕೊಡುವಾಗ ಜೊತೆಯ ಪತ್ರದಲ್ಲಿ ಸಭೆಯ ದಿನಾಂಕ, ಮೂಲ ತುಣುಕುಗಳ ಹೆಸರುಗಳು, ಆರಂಭ ಹಾಗೂ ಅಂತ್ಯದ ಸಮಯ, ಬಳಸಿದ ಆಜ್ಞೆ, ಇಷ್ಟನ್ನು ನಮೂದಿಸಬೇಕು. ಆ ಪತ್ರ ಮತ್ತು ಮೂಲ ತುಣುಕುಗಳು ಕೈಯಲ್ಲಿದ್ದರೆ ಅದೇ ಭಾಗವನ್ನು ಯಾರು ಬೇಕಾದರೂ ಮತ್ತೆ ತೆಗೆದು ಹೋಲಿಸಿ ನೋಡಬಹುದು.