ಹವಾಮಾನ ನಕ್ಷೆ: ಚೆನ್ನೈನ ಡಿಸೆಂಬರ್ ಸರಾಸರಿ ಏನನ್ನು ಮರೆಮಾಡುತ್ತದೆ?

ಹವಾಮಾನ ನಕ್ಷೆಯಲ್ಲಿ ಸಾಮಾನ್ಯವಾಗಿ ಕಂಬಗಳು ತಿಂಗಳ ಮಳೆಯನ್ನೂ ಗೆರೆ ಉಷ್ಣಾಂಶವನ್ನೂ ತೋರಿಸುತ್ತವೆ. ಇವು ಸಾಮಾನ್ಯವಾಗಿ 30 ವರ್ಷಗಳ ಸರಾಸರಿ. ಒಂದು ನಿರ್ದಿಷ್ಟ ವರ್ಷದ ಮಾತು ಅದರಲ್ಲಿ ಇರುವುದಿಲ್ಲ.

ಚೆನ್ನೈ ಇದಕ್ಕೆ ಒಳ್ಳೆಯ ಉದಾಹರಣೆ. ಈಶಾನ್ಯ ಮಾನ್ಸೂನ್ (ಹಿಂಗಾರು) ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅಲ್ಲಿ ಮಳೆ ತರುತ್ತದೆ. ಡಿಸೆಂಬರ್‌ನ ಸರಾಸರಿ ಮಳೆ ಸುಮಾರು 18 ಸೆಂ.ಮೀ. ಇದನ್ನು ನೋಡಿ ದಿನವೂ ಒಂದಿಷ್ಟು ಮಳೆ ಬೀಳುತ್ತದೆ ಎಂದುಕೊಂಡರೆ ತಪ್ಪು. ಬಂಗಾಳಕೊಲ್ಲಿಯ ವಾಯುಭಾರ ಕುಸಿತಗಳು ಬಂದಾಗ ಎರಡು ಮೂರು ದಿನದಲ್ಲೇ ಬಹುಪಾಲು ಸುರಿದುಬಿಡುತ್ತದೆ. 2015ರ ಡಿಸೆಂಬರ್ 1ರಿಂದ 2ರ ಬೆಳಗಿನವರೆಗಿನ 24 ಗಂಟೆಗಳಲ್ಲಿ ಪಕ್ಕದ ತಾಂಬರಂನಲ್ಲಿ ಸುಮಾರು 49 ಸೆಂ.ಮೀ. ಮಳೆ ದಾಖಲಾಯಿತು. ಚೆನ್ನೈ ವಿಮಾನ ನಿಲ್ದಾಣವೇ ಮುಚ್ಚಿತು. ಇಂಥ ಕೆಲವೇ ವರ್ಷಗಳು ಸರಾಸರಿಯನ್ನು ಮೇಲೆತ್ತುವುದರಿಂದ ಹೆಚ್ಚಿನ ಡಿಸೆಂಬರ್‌ಗಳು ಅದಕ್ಕಿಂತ ಒಣಗಿರುತ್ತವೆ. ತಿಂಗಳ ಆರಂಭ ಮತ್ತು ಕೊನೆಯ ವ್ಯತ್ಯಾಸವೂ ಒಂದೇ ಕಂಬದಲ್ಲಿ ಕರಗಿಹೋಗುತ್ತದೆ. ಮಳೆಯ ಸಾಧ್ಯತೆ ಮೊದಲ ವಾರಕ್ಕಿಂತ ಕೊನೆಯ ವಾರದಲ್ಲಿ ಕಡಿಮೆ.

ಆದ್ದರಿಂದ ಮಳೆಯ ಪ್ರಮಾಣದ ಜೊತೆಗೆ ಮಳೆ ದಿನಗಳ ಸಂಖ್ಯೆಯನ್ನೂ ಓದಬೇಕು. ಭಾರತೀಯ ಹವಾಮಾನ ಇಲಾಖೆಯ ಪ್ರಕಾರ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಅದು ಮಳೆ ದಿನ. ಅದರ ಜೊತೆಗೆ 24 ಗಂಟೆಗಳ ಗರಿಷ್ಠ ಮಳೆಯ ದಾಖಲೆಯನ್ನೂ ಗಮನಿಸಿ. ಅಪಾಯದ ಅಳತೆ ಅಲ್ಲಿದೆ.

ಪ್ರವಾಸದ ತಿಂಗಳನ್ನು ಆರಿಸಲು ನಕ್ಷೆ ಸಾಕು, ದಿನವನ್ನು ಖಚಿತಪಡಿಸಲು ಮುನ್ಸೂಚನೆ ಬೇಕು. ಪ್ರವಾಸಕ್ಕೆ ಐದು ದಿನ ಇರುವಾಗಿನಿಂದ ಇಲಾಖೆಯ ಜಿಲ್ಲಾವಾರು ಎಚ್ಚರಿಕೆ ನೋಡಿ. ಹಳದಿ ಎಂದರೆ ಗಮನವಿರಲಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಕೆಂಪು ಬಂದರೆ ಪ್ರಯಾಣ ಮುಂದೂಡಿ.