ಚಿತಾಗಾರಕ್ಕೆ ಹೊರಡುವ ಮುನ್ನ ಒಂದು ಚೀಟಿ

ಮನೆಯಲ್ಲಿ ಸಾವು ಸಂಭವಿಸಿದಾಗ ನೆಂಟರಿಗೆ, ಪುರೋಹಿತರಿಗೆ, ಶವವಾಹನಕ್ಕೆ ಫೋನು ಹೋಗುತ್ತದೆ. ವೈದ್ಯರ ನೆನಪಾಗುವುದು ಕೊನೆಗೆ. ಬೆಂಗಳೂರಿನಂಥ ಊರಿನ ವಿದ್ಯುತ್ ಚಿತಾಗಾರದಲ್ಲಿ ಮೊದಲು ಕೇಳುವುದೇ ವೈದ್ಯರ ಪತ್ರವನ್ನು. ಅದಿಲ್ಲದೆ ಹೋದವರು ಶವವನ್ನು ವಾಹನದಲ್ಲೇ ಬಿಟ್ಟು ಡಾಕ್ಟರನ್ನು ಹುಡುಕುತ್ತಾ ಅಲೆಯಬೇಕಾಗುತ್ತದೆ.

ಕೊನೆಯ ಕಾಯಿಲೆಗೆ ಚಿಕಿತ್ಸೆ ಕೊಟ್ಟ ವೈದ್ಯರನ್ನೇ ಮೊದಲು ಕರೆಸಬೇಕು. ಮನೆಯಲ್ಲಾದ ಸಾವಿಗೆ ಅವರು ನಮೂನೆ 4ಎ ಯಲ್ಲಿ ಮರಣದ ಕಾರಣ ಬರೆದುಕೊಡುತ್ತಾರೆ. ಕಾನೂನಿನ ಪ್ರಕಾರ ಇದಕ್ಕೆ ಶುಲ್ಕವಿಲ್ಲ. ರೋಗಿಯನ್ನು ಎಂದೂ ನೋಡದ ವೈದ್ಯರು ಸಹಿಗೆ ಹಿಂಜರಿದರೆ ಅದು ನ್ಯಾಯವೇ. ಹಳೆಯ ಚೀಟಿ, ಡಿಸ್ಚಾರ್ಜ್ ಸಾರಾಂಶ ಕೈಗೆ ಸಿಗುವಂತಿದ್ದರೆ ಮಾತು ಬೇಗ ಮುಗಿಯುತ್ತದೆ. ಮೃತರ ಮತ್ತು ಮಾಹಿತಿ ಕೊಡುವವರ ಆಧಾರ್ ಪ್ರತಿಗಳೂ ಜೊತೆಗಿರಲಿ.

ಎಡವುವುದು ಇನ್ನೊಂದು ಕಡೆ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಅಜ್ಜಿ ಎರಡು ವಾರ ಹಾಸಿಗೆ ಹಿಡಿದು ತೀರಿಕೊಂಡರೆ, ಮನೆಯವರ ಪಾಲಿಗೆ ಅದು ವಯಸ್ಸಿನ ಸಾವು. ಆದರೆ ಮೂಲ ಕಾರಣ ಬಿದ್ದ ಪೆಟ್ಟು, ಅಂದರೆ ಅಪಘಾತ. ಅದನ್ನು ಮುಚ್ಚಿಟ್ಟು ಹೃದಯಾಘಾತವೆಂದು ಬರೆಸಿದರೆ ಮುಂದೆ ವಿಮೆಯವರ ಮುಂದೆ ತೊಡಕಾಗಬಹುದು. ಇಂಥಲ್ಲಿ, ಆತ್ಮಹತ್ಯೆ ಅಥವಾ ಅನುಮಾನವಿದ್ದಲ್ಲೂ, ಮೊದಲು ಪೊಲೀಸರಿಗೆ ತಿಳಿಸಬೇಕು. ಮರಣೋತ್ತರ ಪರೀಕ್ಷೆ ಬೇಕೋ ಬೇಡವೋ ಎಂಬುದು ಅವರ ವಿಚಾರಣೆಯ ಮೇಲೆ ನಿಂತಿದೆ. ಅಲ್ಲಿಯವರೆಗೆ ಶವಕ್ಕೆ ಸ್ನಾನ ಮಾಡಿಸಬಾರದು.

ಚಿತಾಗಾರದ ರಸೀದಿಯನ್ನು ಜೋಪಾನವಾಗಿಡಬೇಕು. 21 ದಿನಗಳೊಳಗೆ ಮರಣ ನೋಂದಾಯಿಸುವಾಗ ಅದು ಬೇಕಾಗುತ್ತದೆ. ಹೆಸರಿನ ಕಾಗುಣಿತ ಆಧಾರ್‌ನಲ್ಲಿದ್ದಂತೆಯೇ ಇದೆಯೇ ಎಂದು ಅಲ್ಲೇ ನೋಡಿಕೊಳ್ಳುವುದು ಒಳ್ಳೆಯದು.